ಮೂರು ಕೋಣೆಯ ಹೋಮ್‌ಸ್ಟೇ: ಯಾವ ಸೈಟ್‌ಗೆ ಹಾಕೋದು, ಯಾವುದನ್ನು ಬಿಡೋದು?

ಮೈಸೂರು, ಶ್ರೀರಂಗಪಟ್ಟಣದ ಕಡೆ ಹೋಮ್‌ಸ್ಟೇ ಶುರು ಮಾಡಲು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಏರ್‌ಬಿಎನ್‌ಬಿಗೆ ಹಾಕೋದಾ, ಬುಕಿಂಗ್ ಡಾಟ್ ಕಾಮ್‌ಗಾ, ಮೇಕ್‌ಮೈಟ್ರಿಪ್‌ಗಾ? ಇಲ್ಲ, ಯಾವ ಸೈಟಿನ ಸಹವಾಸವೂ ಬೇಡ ಅಂತ ಗೂಗಲ್ ಮ್ಯಾಪ್ ಮತ್ತು ವಾಟ್ಸಾಪ್‌ನಲ್ಲೇ ನಡೆಸೋದಾ?’ ಕೇಳಿದ ಮರುಕ್ಷಣ ಯಾರೋ ಒಬ್ಬರು ‘ಎಲ್ಲದಕ್ಕೂ ಹಾಕಿಬಿಡಿ, ಯಾವುದರಿಂದ ಬಂದರೂ ಗಿರಾಕಿಯೇ ಅಲ್ವಾ’ ಅನ್ನುತ್ತಾರೆ. ಮೂವತ್ತು ಕೋಣೆಯ ಲಾಡ್ಜಿಗೆ ಈ ಮಾತು ಸರಿ. ಮೇಲ್ಮಹಡಿಯಲ್ಲಿ ಮೂರು ಕೋಣೆ ಇಟ್ಟುಕೊಂಡು, ತಿಂಡಿ ತಾವೇ ಮಾಡಿ ಬಡಿಸುವ ಮನೆಯವರಿಗೆ ಅಲ್ಲ.

ಯಾಕೆಂದರೆ ಸೈಟ್ ಬದಲಾದರೆ ಬರುವವರು ಬದಲಾಗುತ್ತಾರೆ. ಅವರು ಬಾಗಿಲು ತಟ್ಟುವ ಹೊತ್ತು, ತಿಂಡಿ ಕೇಳುವ ಹೊತ್ತು ಬದಲಾಗುತ್ತದೆ. ದುಡ್ಡು ಕೈ ಸೇರುವ ದಿನವೂ ಬದಲಾಗುತ್ತದೆ. ಹಾಗಾಗಿ ಕಮಿಷನ್ ಒಂದನ್ನೇ ನೋಡಿ ಆರಿಸಬೇಡಿ. ನಾನು ನಾಲ್ಕು ವಿಷಯ ನೋಡುತ್ತೇನೆ. ಒಂದು ರಾತ್ರಿಗೆ ಖರ್ಚೆಲ್ಲ ಕಳೆದು ಕೈಯಲ್ಲಿ ಎಷ್ಟು ಉಳಿಯುತ್ತದೆ? ಬುಕ್ ಮಾಡಿದವರು ಬರದೇ ಹೋದರೆ ನಷ್ಟ ಯಾರಿಗೆ? ಬರುವವರು ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ? ದಿನಕ್ಕೆ ಎಷ್ಟು ಹೊತ್ತು ಫೋನ್ ಹಿಡಿದು ಕೂರಬೇಕು?

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. ಯಾದವಗಿರಿಯಲ್ಲಿ, ರೈಲ್ವೆ ಸ್ಟೇಷನ್‌ಗೆ ಹತ್ತಿರ. ಕೆಳಗೆ ನಿವೃತ್ತ ದಂಪತಿ, ಮೇಲೆ ಮೂರು ಕೋಣೆ. ಇಬ್ಬರಿಗೆ ತಿಂಡಿ ಸೇರಿ ರಾತ್ರಿಗೆ 2,500 ರೂಪಾಯಿ. ಒಂದು ಕೋಣೆಗೆ ಒಂದು ರಾತ್ರಿಯ ಖರ್ಚು ಹೀಗಿದೆ ಅಂದುಕೊಳ್ಳಿ: ತಿಂಡಿ-ಕಾಫಿ 150, ಶೀಟು ಟವೆಲ್ ಒಗೆಸಲು 150, ಕೆಲಸದವರಿಗೆ 150, ಕರೆಂಟು ಗೀಸರು ಸೋಪು ಎಲ್ಲ ಸೇರಿ 100. ಒಟ್ಟು 550. ನಿಮ್ಮ ಮನೆಯ ಅಂಕಿ ಬೇರೆ ಇರಬಹುದು, ಆದರೆ ಈ ಖರ್ಚಿನ ಅಂದಾಜು ಹಾಕದೆ ಯಾವ ಸೈಟನ್ನೂ ಹೋಲಿಸಲು ಆಗುವುದಿಲ್ಲ. ಕೋಣೆ ಬಾಡಿಗೆ ಮೇಲಿನ ಜಿಎಸ್‌ಟಿಯನ್ನು ಇಲ್ಲಿ ಸೇರಿಸಿಲ್ಲ.

ಯಾವ ದಾರಿ ಹಿಡಿದರೂ ಮೊದಲು ಆಗಬೇಕಾದ ಕೆಲಸ ಕೆಲವಿವೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಬೇಕು. ನಮ್ಮ ರಾಜ್ಯದಲ್ಲಿ ಹೋಮ್‌ಸ್ಟೇ ಅಂದರೆ ಮಾಲೀಕರ ಕುಟುಂಬ ಅಲ್ಲೇ ವಾಸವಿರುವ, ಐದು ಕೋಣೆ ಮೀರದ ಮನೆ. ಅತಿಥಿಗಳ ರಿಜಿಸ್ಟರ್ ಇಡಬೇಕು, ದೊಡ್ಡವರೆಲ್ಲರ ಗುರುತಿನ ಚೀಟಿ ನೋಡಬೇಕು. ಬುಕ್ ಮಾಡಿದ ಒಬ್ಬರದ್ದು ಮಾತ್ರ ನೋಡಿದರೆ ಸಾಲದು. ವಿದೇಶಿಯರು ಬಂದರೆ 24 ಗಂಟೆಯೊಳಗೆ `indianfrro.gov.in`ನಲ್ಲಿ ಅವರ ವಿವರದ ಫಾರ್ಮ್ ತುಂಬಬೇಕು. ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಫೋಟೊ ಚೆಕ್‌ಇನ್ ಹೊತ್ತಿಗೇ ತೆಗೆದುಕೊಳ್ಳಿ. ಬೆಳಗ್ಗೆ ಕೇಳೋಣ ಅಂದುಕೊಂಡರೆ ಅವರು ಆಗಲೇ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿರುತ್ತಾರೆ.

ಬುಕಿಂಗ್ ಡಾಟ್ ಕಾಮ್

ಇದರ ಕಮಿಷನ್ ಸಾಮಾನ್ಯವಾಗಿ 15 ಪರ್ಸೆಂಟ್ ಆಸುಪಾಸು. ಆದರೆ ಕಮಿಷನ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇದೆ, ಇದನ್ನು ತುಂಬಾ ಜನ ಮರೆಯುತ್ತಾರೆ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲದಿದ್ದರೆ ಅದು ವಾಪಸ್ ಬರುವುದಿಲ್ಲ. 2,500ಕ್ಕೆ ಕಮಿಷನ್ 375, ಅದರ ಮೇಲೆ ತೆರಿಗೆ 67.50. ಕೈಗೆ ಸುಮಾರು 2,057. ಖರ್ಚು ಕಳೆದರೆ 1,507 ಉಳಿಯಿತು.

ಇಷ್ಟಕ್ಕೇ ನಿಂತರೆ ಪರವಾಗಿಲ್ಲ. ಲಿಸ್ಟಿಂಗ್ ಆದ ಮೇಲೆ ಸೈಟಿನ ಸದಸ್ಯರಿಗೆ ರಿಯಾಯಿತಿ ಕೊಡುವ ‘ಜೀನಿಯಸ್’ ಯೋಜನೆಗೆ ಸೇರಿ, ಮೊಬೈಲ್‌ನಲ್ಲಿ ಬುಕ್ ಮಾಡುವವರಿಗೆ ಮೊಬೈಲ್ ದರ ಕೊಡಿ ಅಂತ ಸೂಚನೆ ಬರತೊಡಗುತ್ತದೆ. ಸೇರಿದರೆ ಹುಡುಕಾಟದಲ್ಲಿ ಮೇಲೆ ಕಾಣುತ್ತೀರಿ, ಅದು ನಿಜ. ಆದರೆ ಜೀನಿಯಸ್ ಅಂದರೆ ಕನಿಷ್ಠ 10 ಪರ್ಸೆಂಟ್ ರಿಯಾಯಿತಿ. ಮೊಬೈಲ್ ದರವೂ ಕನಿಷ್ಠ 10. ಎರಡೂ ಒಂದರ ಮೇಲೊಂದು ಬೀಳುತ್ತವೆ. 2,500 ಮೊದಲು 2,250 ಆಗುತ್ತದೆ, ಆಮೇಲೆ 2,025. ಅದರ ಮೇಲೆ ಕಮಿಷನ್, ತೆರಿಗೆ ಸೇರಿ ಸುಮಾರು 358. ಕೈಗೆ ಬಂದದ್ದು 1,667. ಖರ್ಚು ಕಳೆದರೆ 1,117. ಅದೇ ಕೋಣೆ, ಅದೇ ಇಡ್ಲಿ, ಅದೇ ಕೆಲಸ. ರಿಯಾಯಿತಿ ಕೊಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಮಳೆಗಾಲದ ಮಂಗಳವಾರ ಕೋಣೆ ಖಾಲಿ ಬಿದ್ದಿರುವ ಬದಲು 1,117 ಬಂದರೆ ಒಳ್ಳೆಯದೇ. (ಮಂಗಳವಾರ ಮೃಗಾಲಯಕ್ಕೂ ರಜೆ, ಮಕ್ಕಳಿರುವವರು ಆ ದಿನ ತಪ್ಪಿಸಿ ಬರುತ್ತಾರೆ.) ದಸರಾ ವಾರಕ್ಕೂ ಅದೇ ರಿಯಾಯಿತಿ ಹಾಗೇ ಉಳಿದಿದ್ದರೆ ಮಾತ್ರ ತುಂಬುವ ಕೋಣೆಯನ್ನು ಸುಮ್ನೆ ಕಡಿಮೆಗೆ ಕೊಟ್ಟಂತೆ. ಬೇಡದ ದಿನಾಂಕಗಳನ್ನು ಹೊರಗಿಡಲು ಆಗುತ್ತದೆಯೇ ಎಂದು ಪ್ರತಿ ಆಫರ್ ಒಪ್ಪುವ ಮುಂಚೆ ನೋಡಿ. ಆಗದಿದ್ದರೆ ಮೂಲ ದರವನ್ನೇ ಆ ವಾರಕ್ಕೆ ಏರಿಸಿ.

ಎರಡನೇ ವಿಷಯ, ಬರದೇ ಹೋಗುವವರು. ಇಲ್ಲಿ ಅತಿಥಿ ಮನೆಗೆ ಬಂದ ಮೇಲೆ ದುಡ್ಡು ಕೊಡುವ ವ್ಯವಸ್ಥೆ ಸಾಮಾನ್ಯ. ಸೈಟ್ ತನ್ನ ಕಮಿಷನ್ನಿಗೆ ತಿಂಗಳಿಗೊಮ್ಮೆ ಬಿಲ್ ಕಳಿಸುತ್ತದೆ. ದುಡ್ಡು ಅಂದೇ ಕೈಗೆ ಬರುತ್ತದೆ ಅನ್ನುವುದು ಲಾಭ. ಆದರೆ ಮುಂಗಡ ಕೊಡದವರು ಮೂರು ಮನೆ ಬುಕ್ ಮಾಡಿ ಒಂದಕ್ಕೆ ಹೋಗುತ್ತಾರೆ. ಅತಿಥಿ ಬರಲಿಲ್ಲ ಅಂದರೆ ಸೈಟ್ ಮಾಲೀಕರಿಗೆಂದೇ ಕೊಡುವ ಎಕ್ಸ್‌ಟ್ರಾನೆಟ್ ಪುಟ ಅಥವಾ ಪಲ್ಸ್ ಆ್ಯಪ್‌ನಲ್ಲಿ ನೋ-ಶೋ ಎಂದು ನೀವೇ ಗುರುತು ಮಾಡಬೇಕು. ಚೆಕ್‌ಔಟ್ ದಿನದಿಂದ 48 ಗಂಟೆ ಒಳಗೆ ಮಾಡದಿದ್ದರೆ ಬರದ ಅತಿಥಿಗೂ ಕಮಿಷನ್ ಬಿಲ್ ಬೀಳುತ್ತದೆ. ಹಿರಿಯರಿಗೆ ಇದು ನೆನಪಿರುವುದಿಲ್ಲ. ಮನೆಯಲ್ಲಿ ಮಗನೋ ಮಗಳೋ ದೂರದಿಂದಾದರೂ ಆ್ಯಪ್ ನೋಡಿಕೊಳ್ಳುವಂತಿದ್ದರೆ ಮಾತ್ರ ಈ ಸೈಟ್ ಸರಿ.

ಬರುವವರಲ್ಲಿ ವಿದೇಶಿಯರು, ಕೆಲಸದ ಮೇಲೆ ಬರುವವರು ಜಾಸ್ತಿ. ಜೊತೆಗೆ ದಾರಿಯಲ್ಲೇ ಬುಕ್ ಮಾಡುವವರೂ ಇದ್ದಾರೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಊಟಿಗೆ ಹೊರಟು ತಡವಾದವರಿಗೆ ಗೇಟ್ ಸಿಗುವುದಿಲ್ಲ ಅಂತ ಗೊತ್ತಾದಾಗ ಮೈಸೂರಲ್ಲೇ ಕೋಣೆ ಹುಡುಕುತ್ತಾರೆ. ರಾತ್ರಿ ಎಂಟೂವರೆಗೆ ಬುಕಿಂಗ್, ಒಂಬತ್ತಕ್ಕೆ ಬಾಗಿಲು. ಬೆಳಗ್ಗೆ ನಾಲ್ಕೂವರೆಗೆ ಹೊರಡುತ್ತಾರೆ, ನಿಮ್ಮ ತಿಂಡಿ ಅವರಿಗೆ ಬೇಡ. ಇಂಥವರು ಬೇಡವಾದರೆ ಅದೇ ದಿನದ ಬುಕಿಂಗ್‌ಗೆ ಸಂಜೆ 6ರ ಗಡಿ ಹಾಕಿ. ಬೇಕಾದರೆ ತಿಂಡಿ ಬದಲು ಚಪಾತಿ ಪಲ್ಯ ಕಟ್ಟಿಕೊಡಿ. ಕಟ್ಟಿಕೊಟ್ಟವರಿಗೆ ಬರುವ ರಿವ್ಯೂ ಬಹಳ ಚೆನ್ನಾಗಿರುತ್ತದೆ.

ಮೇಕ್‌ಮೈಟ್ರಿಪ್, ಗೋಐಬಿಬೊ

ಇವೆರಡೂ ಒಂದೇ ಕಂಪನಿಯವು. ಮಾಲೀಕರಿಗೆ ಇಂಗೊ-ಎಂಎಂಟಿ ಅನ್ನುವ ಒಂದೇ ಆ್ಯಪ್. ಕಮಿಷನ್ ಒಪ್ಪಂದದ ಮೇಲೆ ನಿಲ್ಲುತ್ತದೆ, ಮಾತಾಡಿ ಇಳಿಸಲು ನೋಡಬಹುದು. 20 ಪರ್ಸೆಂಟ್ ಅಂತ ಹಿಡಿದರೆ ತೆರಿಗೆ ಸೇರಿ 590 ಹೋಗುತ್ತದೆ. ಕೈಗೆ 1,910, ಖರ್ಚು ಕಳೆದು 1,360. ಇಲ್ಲೂ ಕೂಪನ್, ಸೇಲ್ ಅಂತ ರಿಯಾಯಿತಿ ಕೇಳುತ್ತಾರೆ, ಮೇಲಿನ ಲೆಕ್ಕವೇ ಇಲ್ಲಿಗೂ ಅನ್ವಯಿಸುತ್ತದೆ.

ಇದರ ಬಲ ಒಂದೇ, ಆದರೆ ದೊಡ್ಡದು: ನಮ್ಮ ದೇಶದ ಕುಟುಂಬಗಳು. ಹೈದರಾಬಾದ್, ಚೆನ್ನೈ, ಕೇರಳ, ಬೆಂಗಳೂರಿನಿಂದ ಮಕ್ಕಳನ್ನು ಕಟ್ಟಿಕೊಂಡು ಅರಮನೆ, ಕೆಆರ್‌ಎಸ್ ನೋಡಲು ಬರುವವರು ಇಲ್ಲೇ ಹುಡುಕುತ್ತಾರೆ. ಬೇಸಿಗೆ ರಜೆ, ದಸರಾ, ಕ್ರಿಸ್‌ಮಸ್ ವಾರದಲ್ಲಿ ಕೋಣೆ ಬೇಗ ತುಂಬುತ್ತದೆ.

ತಿಂಡಿಯ ಗೊಂದಲ ಜಾಸ್ತಿ ಆಗುವುದೂ ಇಲ್ಲೇ. ದರ ಹಾಕುವಾಗ ‘ಇಪಿ’, ‘ಸಿಪಿ’ ಅಂತ ಕಾಣುತ್ತದೆ. ಇಪಿ ಅಂದರೆ ಬರೀ ಕೋಣೆ, ಸಿಪಿ ಅಂದರೆ ತಿಂಡಿ ಸೇರಿ. ಎರಡೂ ದರ ತೆರೆದಿಟ್ಟರೆ ಜನ ಕಡಿಮೆಯದನ್ನೇ ಒತ್ತುತ್ತಾರೆ. ಬೆಳಗ್ಗೆ ಕೆಳಗೆ ಬಂದು, ಒಗ್ಗರಣೆಯ ವಾಸನೆ ಹಿಡಿದು, ‘ತಿಂಡಿ ರೆಡಿಯಾ ಆಂಟಿ?’ ಅನ್ನುತ್ತಾರೆ. ಪಕ್ಕದ ಕೋಣೆಯವರಿಗೆ ಇಡ್ಲಿ ಬಡಿಸುತ್ತಾ ಇವರಿಗೆ ಇಲ್ಲ ಅನ್ನಲು ಯಾವ ಮನೆಯವರಿಗೂ ಬಾಯಿ ಬರುವುದಿಲ್ಲ. ಮೂರು ಕೋಣೆಯ ಮನೆ ಸಿಪಿ ಒಂದನ್ನೇ ಇಡಬೇಕು ಅನ್ನುವುದು ನನ್ನ ಅಭಿಪ್ರಾಯ. ದರ ನೂರಿನ್ನೂರು ಜಾಸ್ತಿ ಕಂಡರೂ ಪರವಾಗಿಲ್ಲ. ಇನ್ನೊಂದು, ಇಬ್ಬರ ಕೋಣೆಗೆ ನಾಲ್ವರು ಬರುತ್ತಾರೆ. ಎಷ್ಟು ವಯಸ್ಸಿನವರೆಗಿನ ಮಗುವಿಗೆ ಉಚಿತ, ಎಕ್ಸ್‌ಟ್ರಾ ಹಾಸಿಗೆಗೆ ಎಷ್ಟು, ಆ ದುಡ್ಡಿನಲ್ಲಿ ತಿಂಡಿ ಸೇರಿದೆಯಾ ಅಂತ ಮೊದಲೇ ತುಂಬಿಡಿ.

ಮನೆಯ ನಿಯಮದ ಪುಟದಲ್ಲಿ ಮದುವೆಯಾಗದ ಜೋಡಿಗೆ ಕೊಡುತ್ತೀರಾ, ಅದೇ ಊರಿನ ಗುರುತಿನ ಚೀಟಿ ಇದ್ದವರಿಗೆ ಕೊಡುತ್ತೀರಾ ಅನ್ನುವ ಪ್ರಶ್ನೆಗಳಿವೆ. ಏನೇ ನಿಮ್ಮ ನಿರ್ಧಾರವಾಗಲಿ, ಅಲ್ಲಿ ಸರಿಯಾಗಿ ತುಂಬಿ. ಖಾಲಿ ಬಿಟ್ಟು, ದುಡ್ಡು ಕಟ್ಟಿ ಬಂದವರನ್ನು ರಾತ್ರಿ ಗೇಟಿನಿಂದ ವಾಪಸ್ ಕಳಿಸುವುದು ಅನ್ಯಾಯ. ದೂರು ಹೋದರೆ ತಪ್ಪು ನಿಮ್ಮದೇ ಆಗುತ್ತದೆ.

ಏರ್‌ಬಿಎನ್‌ಬಿ

ಇಲ್ಲಿ ಶುಲ್ಕ ಎರಡು ಬಗೆ. ಹಂಚಿಕೆಯ ಬಗೆಯಲ್ಲಿ ಮಾಲೀಕರಿಂದ ಸುಮಾರು 3 ಪರ್ಸೆಂಟ್ ಹಿಡಿದು, ಅತಿಥಿಗೆ ಸುಮಾರು 14 ಪರ್ಸೆಂಟ್ ಹಾಕುತ್ತಾರೆ. ಇನ್ನೊಂದರಲ್ಲಿ 15.5 ಪರ್ಸೆಂಟ್ ಆಸುಪಾಸು ಪೂರ್ತಿ ಮಾಲೀಕರ ಲೆಕ್ಕಕ್ಕೆ. ನಿಮ್ಮ ಖಾತೆಯಲ್ಲಿ ಯಾವುದಿದೆ ನೋಡಿಕೊಳ್ಳಿ. ‘ಮೂರೇ ಪರ್ಸೆಂಟು’ ಅಂತ ಖುಷಿಪಡುವ ಮುಂಚೆ ಅತಿಥಿಯ ಕಣ್ಣಿಗೆ ಬೀಳುವ ಒಟ್ಟು ಬೆಲೆ ನೋಡಿ. ಅತಿಥಿ ಕೊಟ್ಟಿದ್ದಕ್ಕೂ ನಿಮಗೆ ಬಂದಿದ್ದಕ್ಕೂ ಇರುವ ಅಂತರ ಎರಡು ಬಗೆಯಲ್ಲೂ ಹೆಚ್ಚುಕಡಿಮೆ ಒಂದೇ. ಅತಿಥಿ ಒಟ್ಟು 2,500 ಕೊಡುವಂತೆ ದರ ಇಟ್ಟರೆ, ಶುಲ್ಕದ ಮೇಲಿನ ಜಿಎಸ್‌ಟಿಯೂ ಕಳೆದು ನಿಮ್ಮ ಕೈಗೆ 2,040ರಿಂದ 2,070 ಬರುತ್ತದೆ. ಖರ್ಚು ಕಳೆದು 1,500 ಆಸುಪಾಸು.

ಹಿರಿಯ ದಂಪತಿಗೆ ನಾನು ಮೊದಲು ಇದನ್ನೇ ಹೇಳುವುದು, ಅದಕ್ಕೆ ಕಾರಣ ದುಡ್ಡಲ್ಲ. ಅತಿಥಿ ಬುಕ್ ಮಾಡುವಾಗಲೇ ಹಣ ಕಟ್ಟಿರುತ್ತಾರೆ. ಚೆಕ್‌ಇನ್ ಆಗಿ ಸುಮಾರು 24 ಗಂಟೆಗೆ ಸೈಟ್ ನಿಮ್ಮ ಪಾಲು ಕಳಿಸುತ್ತದೆ. ಬ್ಯಾಂಕಿಗೆ ಬರಲು ಇನ್ನೂ ಕೆಲ ದಿನ ಹಿಡಿಯಬಹುದು. ಬರದೇ ಹೋದರೆ ನೀವು ಇಟ್ಟ ರದ್ದತಿ ನಿಯಮದಂತೆ ನಿಮಗೆ ಸಲ್ಲಬೇಕಾದ್ದು ಸಲ್ಲುತ್ತದೆ. ಬೇಕಿದ್ದರೆ ಪ್ರತಿ ಬುಕಿಂಗನ್ನೂ ನೀವು ಒಪ್ಪಿದ ಮೇಲೆಯೇ ಖಚಿತ ಆಗುವಂತೆ ಇಡಬಹುದು. ಅತಿಥಿಯ ಬಗ್ಗೆ ಹಿಂದಿನ ಮನೆಯವರು ಬರೆದ ರಿವ್ಯೂ ಓದಬಹುದು. ಮನೆಯೊಳಗೆ ಅಪರಿಚಿತರನ್ನು ಬಿಟ್ಟುಕೊಳ್ಳುವ ಭಯ ಇರುವವರಿಗೆ ಇದು ದೊಡ್ಡ ಸಮಾಧಾನ.

ಕೊರತೆಯೂ ಇದೆ. ಬುಕಿಂಗ್ ಖಚಿತವಾಗುವ ತನಕ ನಿಖರ ವಿಳಾಸ ಕಾಣುವುದಿಲ್ಲ. ‘ಸ್ಟೇಷನ್ ಹತ್ತಿರ ಬೇಕು’ ಅನ್ನುವವರಿಗೆ ಲಿಸ್ಟಿಂಗ್‌ನಲ್ಲೇ ಬರೆದು ತಿಳಿಸಬೇಕು. ಸೈಟಿನ ಸಂದೇಶಕ್ಕೆ ಬೇಗ ಉತ್ತರ ಕೊಡದಿದ್ದರೆ ಹುಡುಕಾಟದಲ್ಲಿ ಹಿಂದೆ ಬೀಳುತ್ತೀರಿ. ಚಿಕ್ಕ ಮಕ್ಕಳು, ಅಜ್ಜಿ ಎಲ್ಲ ಸೇರಿ ಬರುವ ದೊಡ್ಡ ಕುಟುಂಬಗಳು ಮೇಕ್‌ಮೈಟ್ರಿಪ್‌ಗೆ ಹೋಲಿಸಿದರೆ ಕಡಿಮೆ.

ಗೋಕುಲಂನಲ್ಲಿ ಮನೆ ಇದ್ದವರಿಗೆ ಯೋಚನೆಯೇ ಬೇಡ, ಇದೇ ಸರಿ. ಅಷ್ಟಾಂಗ ಯೋಗ ಕಲಿಯಲು ಬರುವವರು ಒಂದು ತಿಂಗಳು, ಎರಡು ತಿಂಗಳು ಇರುತ್ತಾರೆ. ತಿಂಗಳ ರಿಯಾಯಿತಿ ಅಂತ ದರ ಇಳಿಸಿದರೂ ದಿನಾ ಶೀಟು ಬದಲಿಸುವುದು, ದಿನಾ ಚೆಕ್‌ಇನ್ ಮಾಡುವುದು ತಪ್ಪುತ್ತದೆ. ಬೆಳಗಿನ ಜಾವ ಅಭ್ಯಾಸಕ್ಕೆ ಹೋಗುವ ಅವರಿಗೆ ಎಂಟು ಗಂಟೆಯ ಉಪ್ಪಿಟ್ಟು ಬೇಡ, ಹತ್ತು ಗಂಟೆಗೆ ತಾವೇ ಏನಾದರೂ ಮಾಡಿಕೊಳ್ಳಲು ಒಂದು ಸ್ಟವ್, ಫ್ರಿಜ್ ಬೇಕು. ಅಲ್ಲಿ ತಿಂಡಿ ಸೇರಿಸದೆ ಅಡುಗೆ ಮೂಲೆ ಕೊಡುವುದೇ ಜಾಣತನ. ಒಂದು ಎಚ್ಚರ: 28 ರಾತ್ರಿ ಅಥವಾ ಅದಕ್ಕಿಂತ ಹೆಚ್ಚಿನ ವಾಸಕ್ಕೆ ಹಣ ಒಟ್ಟಿಗೆ ಬರುವುದಿಲ್ಲ, ತಿಂಗಳಿಗೊಮ್ಮೆ ಬರುತ್ತದೆ. ರದ್ದತಿ ನಿಯಮವೂ ಬೇರೆ.

ಗೂಗಲ್ ಮ್ಯಾಪ್, ವಾಟ್ಸಾಪ್

ಕಮಿಷನ್ ಇಲ್ಲ. 2,500 ಬಂದರೆ 1,950 ಉಳಿಯುತ್ತದೆ. ನೀವು 2,300ಕ್ಕೆ ಕೊಟ್ಟರೂ 1,750. ಅತಿಥಿಗೂ ಲಾಭ, ನಿಮಗೂ ಲಾಭ. ಆದರೆ ಹೊಸ ಮನೆಗೆ ಇದರಿಂದ ಜನ ಬರುವುದು ನಿಧಾನ. ಗೂಗಲ್‌ನಲ್ಲಿ ವ್ಯವಹಾರದ ಪ್ರೊಫೈಲ್ ಮಾಡಿ, ದೃಢೀಕರಣ ಮುಗಿಸಿ, ಬಂದವರಿಂದ ರಿವ್ಯೂ ಬರೆಸಿಕೊಂಡು ಬೆಳೆಸಬೇಕು. ಗೇಟ್, ರಸ್ತೆ ತಿರುವು, ಬಾತ್‌ರೂಮ್, ತಿಂಡಿ ತಟ್ಟೆ, ಈ ನಾಲ್ಕರ ಫೋಟೊ ಇರಲೇಬೇಕು. ಕಾರು ನಿಲ್ಲಿಸುವ ಜಾಗದ್ದೂ ಇರಲಿ, ಬೆಂಗಳೂರಿನವರು ಕೇಳುವ ಮೊದಲ ಪ್ರಶ್ನೆ ಅದು.

ಇಲ್ಲಿ ಸೈಟ್ ಮಾಡುತ್ತಿದ್ದ ಕೆಲಸವೆಲ್ಲ ನಿಮ್ಮ ತಲೆ ಮೇಲೆ. ಅದಕ್ಕೊಂದು ಸಂದೇಶ ಬರೆದಿಟ್ಟುಕೊಳ್ಳಿ, ಕೇಳಿದವರಿಗೆಲ್ಲ ಅದನ್ನೇ ಕಳಿಸಿ:

‘ನಮಸ್ಕಾರ. 14, 15ನೇ ತಾರೀಕು ಎರಡು ರಾತ್ರಿ, ಇಬ್ಬರಿಗೆ, ತಿಂಡಿ ಸೇರಿ 4,600 ರೂ. ಅರ್ಧ ಹಣ ಯುಪಿಐ ಮಾಡಿದರೆ ಕೋಣೆ ಖಚಿತ. ಐದು ದಿನ ಮುಂಚೆ ರದ್ದು ಮಾಡಿದರೆ ಪೂರ್ತಿ ವಾಪಸ್, ಆಮೇಲೆ ಮಾಡಿದರೆ ಇಲ್ಲ. ಚೆಕ್‌ಇನ್ ಮಧ್ಯಾಹ್ನ 1ರಿಂದ ರಾತ್ರಿ 9. ಚೆಕ್‌ಔಟ್ 11. ತಿಂಡಿ 8ರಿಂದ 9.30. ದೊಡ್ಡವರೆಲ್ಲರ ಗುರುತಿನ ಚೀಟಿ ತನ್ನಿ.’

ಮುಂಗಡ ಬರುವ ತನಕ ಕೋಣೆ ಹಿಡಿದಿಡಬೇಡಿ. ‘ನಾಳೆ ಕಳಿಸ್ತೀವಿ ಸಾರ್’ ಅಂದವರಲ್ಲಿ ತುಂಬಾ ಜನ ಕಳಿಸುವುದಿಲ್ಲ. ಸೈಟ್‌ನಲ್ಲಿ ವಿಚಾರಿಸಿದವರನ್ನು ‘ರದ್ದು ಮಾಡಿ ನೇರವಾಗಿ ಬನ್ನಿ’ ಅನ್ನುವುದೂ ಬೇಡ. ಅದು ಸೈಟಿನ ನಿಯಮಕ್ಕೆ ವಿರುದ್ಧ, ಲಿಸ್ಟಿಂಗ್ ಹೋಗಬಹುದು. ಒಮ್ಮೆ ಇದ್ದು ಹೋದವರು ಮುಂದಿನ ಸಲ ತಾವಾಗಿ ಫೋನ್ ಮಾಡಿದರೆ ಅದು ಬೇರೆ ಮಾತು. ಚೆಕ್‌ಔಟ್ ಹೊತ್ತಿಗೆ ಮನೆಯ ಕಾರ್ಡು ಕೊಡಿ, ಸಾಕು.

ಕೆಆರ್‌ಎಸ್, ಪಾಂಡವಪುರ, ಮೇಲುಕೋಟೆ ಕಡೆ ತೋಟದ ಮನೆ ಇದ್ದವರಿಗೆ ಈ ದಾರಿ ನಗರದವರಿಗಿಂತ ಚೆನ್ನಾಗಿ ಒಗ್ಗುತ್ತದೆ. ಅಲ್ಲಿಗೆ ಬರುವವರು ಬಹುಪಾಲು ಬೆಂಗಳೂರಿನ ವಾರಾಂತ್ಯದ ಗುಂಪು. ಮೂರೂ ಕೋಣೆ ಒಟ್ಟಿಗೆ ಬೇಕು, ಮಧ್ಯಾಹ್ನ ಊಟ ಬೇಕು, ಮುದ್ದೆ-ಸಾರು ಆಗುತ್ತಾ ಅಂತ ಫೋನ್‌ನಲ್ಲೇ ಮಾತಾಡಬೇಕು. ಇದು ಸೈಟಿನ ಚೌಕಟ್ಟಿಗೆ ಕೂರುವ ವ್ಯಾಪಾರ ಅಲ್ಲ.

ಯಾರಿಗೆ ಯಾವುದು

ಯಾದವಗಿರಿಯ ನಮ್ಮ ದಂಪತಿಗೆ ನಾನು ಹೇಳುವುದು: ಏರ್‌ಬಿಎನ್‌ಬಿ ಮತ್ತು ಗೂಗಲ್ ಪ್ರೊಫೈಲ್, ಎರಡೇ ಸಾಕು. ಕೋಣೆ ಅರ್ಧಕ್ಕಿಂತ ಜಾಸ್ತಿ ದಿನ ಖಾಲಿ ಇದ್ದರೆ ಆರು ತಿಂಗಳ ಮೇಲೆ ಮೇಕ್‌ಮೈಟ್ರಿಪ್ ಸೇರಿಸಲಿ, ಅದೂ ರಜೆಯ ತಿಂಗಳಿಗೆ. ಸಾಲ ಮಾಡಿ ಮಹಡಿ ಕಟ್ಟಿದವರು, ಪ್ರತಿ ತಿಂಗಳು ಕಂತು ಕಟ್ಟಬೇಕಾದವರು ಅಷ್ಟು ಕಾಯಲು ಆಗುವುದಿಲ್ಲ. ಅವರು ಮೊದಲ ದಿನವೇ ಮೇಕ್‌ಮೈಟ್ರಿಪ್ ಅಥವಾ ಬುಕಿಂಗ್ ಡಾಟ್ ಕಾಮ್ ಹಿಡಿಯಲಿ, ಕಮಿಷನ್ ಕೊಟ್ಟಾದರೂ ಕೋಣೆ ತುಂಬಿಸಲಿ. ರಾತ್ರಿ ತಡವಾಗಿ ಬಾಗಿಲು ತೆಗೆಯಲು ಮನೆಯಲ್ಲಿ ಹುಡುಗರಿದ್ದರೆ ಬುಕಿಂಗ್ ಡಾಟ್ ಕಾಮ್. ತಿಂಡಿಗೆ ಎಂಟು ಹತ್ತು ಜನ ಒಟ್ಟಿಗೆ ಕೂತರೂ ಸುಧಾರಿಸುವ ಅಡುಗೆಮನೆ ಇದ್ದರೆ ಮೇಕ್‌ಮೈಟ್ರಿಪ್.

ಯಾವುದೇ ಆಗಲಿ, ತಿಂಡಿಯನ್ನು ಹಿಂದಿನ ರಾತ್ರಿಯೇ ಕೇಳಿ. ಚೆಕ್‌ಇನ್ ರಿಜಿಸ್ಟರ್‌ನಲ್ಲೇ ಎರಡು ಕಾಲಂ ಗೆರೆ ಎಳೆಯಿರಿ: ಎಷ್ಟು ಜನ ತಿನ್ನುತ್ತಾರೆ, ಎಷ್ಟು ಹೊತ್ತಿಗೆ. ಅರಮನೆ ತೆರೆಯುವುದು ಹತ್ತಕ್ಕೆ, ಅಲ್ಲಿಗೆ ಹೋಗುವವರು ಒಂಬತ್ತಕ್ಕೆ ನಿಧಾನವಾಗಿ ಬರುತ್ತಾರೆ. ಬೆಟ್ಟಕ್ಕೆ, ರಂಗನತಿಟ್ಟಿಗೆ ಹೋಗುವವರು ಏಳಕ್ಕೇ ಕಾಫಿ ಕೇಳುತ್ತಾರೆ. ಚೆನ್ನೈನಿಂದ ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಬೆಳಗ್ಗೆ ಇಳಿಯುವವರಿಗೆ ಕೋಣೆ ಒಂದು ಗಂಟೆಗೇ ಸಿಗುವುದಾದರೂ ಬ್ಯಾಗ್ ಇಡಲು, ಮುಖ ತೊಳೆಯಲು ಜಾಗ ಕೊಡಿ. ಆ ದಿನದ ತಿಂಡಿ ಬೇಕಾದರೆ ತಲೆಗೆ ಇಷ್ಟು ಅಂತ ಬುಕಿಂಗ್ ಹೊತ್ತಿಗೇ ಹೇಳಿಬಿಡಿ.

ಎರಡು ಸೈಟ್ ಇಟ್ಟುಕೊಂಡ ದಿನದಿಂದ ಕ್ಯಾಲೆಂಡರ್ ಜೋಡಿಸಬೇಕು. ಏರ್‌ಬಿಎನ್‌ಬಿಯ ಕ್ಯಾಲೆಂಡರ್ ಪುಟದಲ್ಲಿ `.ics` ಅಂತ ಇರುವ ಲಿಂಕ್ ಸಿಗುತ್ತದೆ. ಅದನ್ನು ಬುಕಿಂಗ್ ಡಾಟ್ ಕಾಮ್‌ಗೆ ಅಂಟಿಸಿ, ಅಲ್ಲಿನದನ್ನು ಇಲ್ಲಿಗೆ ಅಂಟಿಸಿ. ಪ್ರತಿ ಕೋಣೆಗೂ ಬೇರೆ ಲಿಂಕ್, ಅದಲುಬದಲು ಮಾಡಬೇಡಿ. ಆದರೆ ಇದು ಕೂಡಲೇ ಬದಲಾಗುವುದಿಲ್ಲ, ಕೆಲವು ಗಂಟೆಗೊಮ್ಮೆ ತಾನಾಗಿ ಓದಿಕೊಳ್ಳುತ್ತದೆ. ಮಾಮೂಲಿ ದಿನದಲ್ಲಿ ತೊಂದರೆ ಇಲ್ಲ. ದಸರಾ ಹತ್ತಿರ ಬಂದಾಗ ಆ ಕೆಲವೇ ಗಂಟೆಯಲ್ಲಿ ಒಂದೇ ಕೋಣೆಗೆ ಎರಡು ಕುಟುಂಬ ದುಡ್ಡು ಕಟ್ಟಿರಬಹುದು. ವಿಜಯದಶಮಿಯ ಹಿಂದಿನ ರಾತ್ರಿ ಊರಲ್ಲಿ ಬೇರೆ ಕೋಣೆ ಹುಡುಕಿಕೊಡುವುದು ಆಗದ ಮಾತು. ಅದಕ್ಕೇ ನವರಾತ್ರಿಯ ದಿನಗಳಿಗೆ ಕೋಣೆಗಳನ್ನು ಮೊದಲೇ ಹಂಚಿಬಿಡಿ: ಕೋಣೆ ಒಂದು ಮತ್ತು ಎರಡು ಸೈಟ್‌ಗೆ ಮಾತ್ರ, ಒಂದೊಂದಕ್ಕೆ ಒಂದೊಂದು. ಕೋಣೆ ಮೂರನ್ನು ಎರಡರಲ್ಲೂ ಮುಚ್ಚಿ, ವರ್ಷವೂ ಬರುವ ಹಳೆಯ ಅತಿಥಿಗಳಿಗೆ ಎರಡು ತಿಂಗಳು ಮುಂಚೆಯೇ ಫೋನ್ ಮಾಡಿ ಕೇಳಿ.